ಮೇಲ್‌ನ ಮೊದಲ ಸಾಲು: ಗುರುತಿಲ್ಲದವರಿಗೆ, ಮೇಲಿನವರಿಗೆ, ಪಕ್ಕದ ಸೀಟಿನವರಿಗೆ

ಹೋದ ತಿಂಗಳ ಕೊನೆಯ ವಾರ ನನ್ನ ಮೇಜಿಗೆ ಒಂದು ಬಿಲ್ಲು ಬಂತು. ಕರಪತ್ರ ಅಚ್ಚು ಹಾಕಿಕೊಟ್ಟ ಪ್ರೆಸ್ಸಿನವರದು. ಮೊತ್ತ 48,600 ರೂಪಾಯಿ. ಮೊತ್ತ ಸರಿಯಾಗಿಯೇ ಇತ್ತು. ಆದರೆ ನಮ್ಮ ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಒಂದು ತಪ್ಪಾಗಿತ್ತು. ಹಾಗಾಗಿ ಮೂರು ಮೇಲ್ ಬರೆಯಬೇಕಾಯಿತು. ತಿದ್ದಿದ ಬಿಲ್ಲು ಕೊಡಿ ಅಂತ ಪ್ರೆಸ್ಸಿನ ಲೆಕ್ಕ ವಿಭಾಗಕ್ಕೆ ಒಂದು. ಹಣ ಪಾವತಿ ನಾಲ್ಕು ದಿನ ತಡವಾಗುತ್ತದೆ, ಒಪ್ಪಿಗೆ ಕೊಡಿ ಅಂತ ನನಗಿಂತ ಎರಡು ಹಂತ ಮೇಲಿರುವ ಮ್ಯಾನೇಜರಿಗೆ ಒಂದು. ಹಳೇ ಆರ್ಡರಿನ ಪ್ರತಿ ಹುಡುಕಿ ಕಳಿಸು ಅಂತ ಪಕ್ಕದ ಸೀಟಿನ ಗೆಳೆಯನಿಗೆ ಇನ್ನೊಂದು.

ವಿಷಯ ಮೂರಕ್ಕೂ ಒಂದೇ. ಐದು ನಿಮಿಷದಲ್ಲಿ ಬರೆದು ಮುಗಿಸಿದೆ. ಆದರೆ ಮೂರರಲ್ಲೂ ಮೊದಲ ಸಾಲು ಖಾಲಿ ಬಿಟ್ಟಿದ್ದೆ. ಅದನ್ನು ತುಂಬಲು ಕಾಲು ಗಂಟೆ ಹಿಡಿಯಿತು. ನಿಮಗೂ ಹೀಗೆ ಆಗಿರುತ್ತದೆ, ಅಲ್ವಾ? ‘ಡಿಯರ್’ ಹಾಕಲೋ, ‘ಹಾಯ್’ ಹಾಕಲೋ, ‘ಸರ್’ ಅನ್ನಲೋ, ಬರೀ ಹೆಸರು ಸಾಕೋ ಅಂತ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ ಕೂರುತ್ತೇವೆ.

ಈ ತಡವರಿಕೆಗೆ ಒಂದು ಕಾರಣ ಇದೆ. ಅದು ನಮ್ಮ ಅಂಜಿಕೆ ಅಲ್ಲ, ನಮ್ಮ ವ್ಯಾಕರಣ.

ಕನ್ನಡದಲ್ಲಿ ಮರ್ಯಾದೆ ವಾಕ್ಯದ ಒಳಗೇ ಕೂತಿರುತ್ತದೆ. ‘ಕಳಿಸು’ ಅಂದರೆ ಸಲುಗೆ. ‘ಕಳಿಸಿ’ ಅಂದರೆ ಮರ್ಯಾದೆ. ‘ಕಳಿಸಿಕೊಡಿ’ ಅಂದರೆ ಇನ್ನಷ್ಟು ಮೆದು. ‘ಕಳಿಸಿಕೊಡಬೇಕಾಗಿ ಕೋರುತ್ತೇನೆ’ ಅಂದರೆ ಅರ್ಜಿ. ನೀನು, ನೀವು, ತಾವು ಅಂತ ಮೂರು ಮೆಟ್ಟಿಲು ಬೇರೆ. ಮೊದಲ ಸಾಲಿನಲ್ಲಿ ಸುಮ್ನೆ ‘ನಮಸ್ಕಾರ’ ಅಂತ ಹಾಕಿದರೂ ಮುಂದಿನ ಪ್ರತಿ ಕ್ರಿಯಾಪದವೂ ಮರ್ಯಾದೆಯನ್ನು ಹೊತ್ತು ನಡೆಯುತ್ತದೆ.

ಇಂಗ್ಲಿಷಿನಲ್ಲಿ ಈ ಸೌಕರ್ಯ ಇಲ್ಲ. ಹಿಂದೆ ಅಲ್ಲೂ ‘ದೌ’ ಅಂತ ಏಕವಚನ ಇತ್ತು, ಅದು ಬಳಕೆಯಿಂದ ಬಿದ್ದುಹೋಯಿತು. ಈಗ ಕಚೇರಿಯ ದೊಡ್ಡ ಸಾಹೇಬರಿಗೂ ‘ಯು’, ಕಾಫಿ ತರುವ ಹುಡುಗನಿಗೂ ‘ಯು’. ನಮ್ಮ ಕಿವಿಗೆ ಅಲ್ಲಿ ಏನೋ ಕೊರತೆ ಕಾಣುತ್ತದೆ. ಆ ಕೊರತೆಯನ್ನೆಲ್ಲ ತುಂಬಲು ಮೊದಲ ಸಾಲಿನ ಮೇಲೆ ಹೊರೆ ಹೇರುತ್ತೇವೆ. ‘ರೆಸ್ಪೆಕ್ಟೆಡ್ ಸರ್’ ಹುಟ್ಟುವುದು ಅಲ್ಲಿ. ಅದೂ ಸಾಲದೆ ಪ್ರತಿ ವಾಕ್ಯದ ತುದಿಗೆ ಒಂದು ‘ಸರ್’ ಅಂಟಿಸುತ್ತೇವೆ.

ಇದು ಗೊತ್ತಿದ್ದರೆ ಒಂದು ದಾರಿ ಕಾಣುತ್ತದೆ. ಕನ್ನಡ ಮೇಲ್‌ನಲ್ಲಿ ಮೊದಲ ಸಾಲನ್ನು ಹಗುರ ಮಾಡಬಹುದು, ಒಳಗಿನ ಕ್ರಿಯಾಪದ ನೋಡಿಕೊಳ್ಳುತ್ತದೆ. ಇಂಗ್ಲಿಷ್ ಮೇಲ್‌ನಲ್ಲಿ ಮೊದಲ ಸಾಲನ್ನು ಸ್ವಲ್ಪ ಯೋಚಿಸಿ ಹಾಕಬೇಕು. ಆದರೆ ಯೋಚಿಸಬೇಕಾದದ್ದು ‘ಡಿಯರ್’ ಬಗ್ಗೆ ಅಲ್ಲ. ‘ಡಿಯರ್’, ‘ಹಲೋ’, ‘ಹಾಯ್’ ಮೂರೂ ಇವತ್ತು ಸವೆದ ನಾಣ್ಯಗಳು. ಯಾರೂ ಅದರಿಂದ ನೋಯುವುದಿಲ್ಲ. ನೋವಾಗುವುದು ಅದರ ಪಕ್ಕದಲ್ಲಿ ಬರುವ ಹೆಸರಿನಲ್ಲಿ. ಯಾವ ಹೆಸರು, ಎಷ್ಟು ಹೆಸರು, ಅದಕ್ಕೆ ಏನು ಅಂಟಿಸಿದ್ದೀರಿ ಅನ್ನುವುದರಲ್ಲಿ.

ಪ್ರೆಸ್ಸಿನ ಮೇಲ್ ತೆಗೆದುಕೊಳ್ಳಿ. ಬಿಲ್ಲಿನ ಕೆಳಗೆ ‘ಕೆ. ಎಸ್. ಶಶಿ’ ಅಂತ ಇತ್ತು. ಅಷ್ಟೇ. ಇವರನ್ನು ನಾನು ನೋಡಿಲ್ಲ, ಮಾತಾಡಿಲ್ಲ. ಇದರಲ್ಲಿ ಕರೆಯುವ ಹೆಸರು ಯಾವುದು? ಗಂಡಸೋ ಹೆಂಗಸೋ?

ಮೊದಲ ಪ್ರಶ್ನೆ ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ನಮಗೆ ಗೊತ್ತು, ಕರ್ನಾಟಕದಲ್ಲಿ ಹೆಸರು ಕಟ್ಟುವ ಪದ್ಧತಿ ಒಂದಲ್ಲ. ಕುವೆಂಪು ಅವರ ಹೆಸರು ನೋಡಿ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಊರು, ತಂದೆ, ಕೊನೆಗೆ ಸ್ವಂತ ಹೆಸರು. ಹಳೇ ಮೈಸೂರು ಕಡೆ, ಮಲೆನಾಡಿನ ಕಡೆ ಇದೇ ಜಾಸ್ತಿ. ಇನ್ನು ಹಿಂದೆ ಮುಖ್ಯಮಂತ್ರಿಯಾಗಿದ್ದ ಎಸ್. ಆರ್. ಬೊಮ್ಮಾಯಿ ಅವರ ಹೆಸರು ಬಿಡಿಸಿ. ಸೋಮಪ್ಪ ರಾಯಪ್ಪ ಬೊಮ್ಮಾಯಿ. ಇಲ್ಲಿ ಸ್ವಂತ ಹೆಸರು ಮೊದಲು, ತಂದೆಯದು ನಡುವೆ, ಮನೆತನದ ಹೆಸರು ಕೊನೆಗೆ. ಉತ್ತರ ಕರ್ನಾಟಕದ ರೀತಿ ಅದು. ಕೊಡಗಿನ ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಅವರದು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮನೆತನ ಮೊದಲು, ಸ್ವಂತ ಹೆಸರು ಕೊನೆಗೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ, ಎರಡು ಇನಿಶಿಯಲ್ಲು ಒಂದು ಪದ. ಒಳಗೆ ಮೂರೂ ಬೇರೆ.

ಹಾಗಾದರೆ ಗುರುತಿಲ್ಲದವರ ಹೆಸರನ್ನು ಹೇಗೆ ಬಿಡಿಸುವುದು? ಬಿಡಿಸುವುದೇ ಬೇಡ. ಆ ಮನುಷ್ಯರು ತಮ್ಮ ಹೆಸರಿನಲ್ಲಿ ಯಾವುದನ್ನು ಪೂರ್ತಿ ಬರೆದಿದ್ದಾರೋ ಅದೇ ಕರೆಯುವ ಹೆಸರು. ಪುಟ್ಟಪ್ಪ, ಬೊಮ್ಮಾಯಿ, ಕಾರ್ಯಪ್ಪ ಅಂತಲೇ ತಾನೇ ಜನ ಅವರನ್ನು ಕರೆದದ್ದು? ಅದು ಸ್ವಂತ ಹೆಸರೋ ಮನೆತನವೋ ಅನ್ನುವುದು ನಮಗೆ ಬೇಕಾಗಿಲ್ಲ. ಇನಿಶಿಯಲ್ಲನ್ನು ಹಿಡಿದು ‘ಮಿಸ್ಟರ್ ಕೆ’ ಅಂತ ಶುರುಮಾಡಿದರೆ ಮಾತ್ರ ಕೆಡುತ್ತದೆ.

ಯಾರಪ್ಪ ಹಾಗೆ ಬರೆಯುತ್ತಾರೆ ಅನ್ನಬೇಡಿ. ಮನುಷ್ಯರಿಗಿಂತ ಸಾಫ್ಟ್‌ವೇರು ಜಾಸ್ತಿ ಬರೆಯುತ್ತದೆ. ಕೆಲಸಕ್ಕೆ ಸೇರುವಾಗ ತುಂಬುವ ಫಾರಮ್ಮಿನಲ್ಲಿ ಸರ್‌ನೇಮ್ ಅಂತ ಒಂದು ಖಾನೆ ಇರುತ್ತದೆ, ಅದನ್ನು ಖಾಲಿ ಬಿಡಲು ಬಿಡುವುದಿಲ್ಲ. ಸರ್‌ನೇಮ್ ಇಲ್ಲದ ನಮ್ಮವರು ಅಲ್ಲಿ ಇನಿಶಿಯಲ್ಲು ತುಂಬುತ್ತಾರೆ. ಆಮೇಲೆ ಇನ್‌ಬಾಕ್ಸಿನಲ್ಲಿ ಅವರ ಹೆಸರು `K S, Manjunatha` ಅಂತ ತಿರುಗಾಮುರುಗಾ ಕಾಣುತ್ತದೆ. ತಾನೇ ತಾನಾಗಿ ಹೋಗುವ ಮೇಲ್‌ಗಳು ‘ಡಿಯರ್ ಮಿಸ್ಟರ್ ಕೆ ಎಸ್’ ಅಂತ ಶುರುವಾಗುತ್ತವೆ. ಇನ್‌ಬಾಕ್ಸಿನಲ್ಲಿ ಹೀಗೆ ಕಾಮಾ ಇರುವ ಹೆಸರು ಕಂಡರೆ, ಕಾಮಾದ ನಂತರದ್ದನ್ನು ಓದಿ. ಅಮೆರಿಕಕ್ಕೆ ಹೋದ ನಮ್ಮವರ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ. ಒಂದೇ ಹೆಸರಿನ ಪಾಸ್‌ಪೋರ್ಟು ಹಿಡಿದು ಹೋದವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ `FNU` ಅಂತ ಅಚ್ಚಾಗುತ್ತದೆ. ಮೊದಲ ಹೆಸರು ತಿಳಿಯದು ಅಂತ ಅದರ ಅರ್ಥ. ಅಲ್ಲಿನ ಬ್ಯಾಂಕು, ಫೋನು ಕಂಪನಿಗಳು ಅದನ್ನೇ ಹೆಸರು ಅಂದುಕೊಂಡು ‘ಡಿಯರ್ ಎಫ್‌ಎನ್‌ಯು’ ಅಂತ ಮೇಲ್ ಹಾಕುತ್ತವೆ.

ಹೆಸರಿನಲ್ಲಿ ಎರಡು ಪದ ಪೂರ್ತಿ ಇದ್ದರೆ? ಶಿವರಾಮ ಕಾರಂತ ಅನ್ನುವ ಥರ. ಮೊದಲ ಮೇಲ್‌ನಲ್ಲಿ ಎರಡನ್ನೂ ಬರೆಯಿರಿ. ‘ಡಿಯರ್’ ಹಾಕಿ ಪೂರ್ತಿ ಹೆಸರು ಬರೆದರೆ ಸ್ವಲ್ಪ ಗಟ್ಟಿಯಾಗಿ ಕೇಳಿಸುತ್ತದೆ, ನಿಜ. ಆದರೆ ತಪ್ಪಾಗುವುದಿಲ್ಲ. ಅವರು ಉತ್ತರ ಬರೆದಾಗ ಕೆಳಗೆ ಏನು ಹಾಕುತ್ತಾರೋ ನೋಡಿಕೊಂಡು ಎರಡನೇ ಮೇಲ್‌ನಿಂದ ಅದನ್ನೇ ಹಿಡಿಯಬಹುದು.

ಇನ್ನೊಂದು ನಾವು ಜಾಸ್ತಿ ಮಾಡುವ ತಪ್ಪು, ವಿದೇಶದವರಿಗೆ ಬರೆಯುವಾಗ. ನಮ್ಮಲ್ಲಿ ‘ಮಿಸ್ಟರ್ ಶಶಿ’ ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಇಂಗ್ಲಿಷ್ ನಾಡುಗಳಲ್ಲಿ ‘ಮಿಸ್ಟರ್’ ಅಂಟಿಕೊಳ್ಳುವುದು ಮನೆತನದ ಹೆಸರಿಗೆ ಮಾತ್ರ. ಜಾನ್ ಸ್ಮಿತ್ ಅಂತ ಒಬ್ಬರು ಇದ್ದಾರೆ ಅಂದುಕೊಳ್ಳಿ. ಅವರು ‘ಮಿಸ್ಟರ್ ಸ್ಮಿತ್’ ಅಥವಾ ಬರೀ ‘ಜಾನ್’. ‘ಮಿಸ್ಟರ್ ಜಾನ್’ ಅನ್ನುವವರು ಅಲ್ಲಿ ಯಾರೂ ಇಲ್ಲ. ಹಾಗೆ ಬರೆದರೆ ಸಿಟ್ಟಾಗುವುದಿಲ್ಲ, ಆದರೆ ಓದಿ ಒಂದು ಕ್ಷಣ ನಿಲ್ಲುತ್ತಾರೆ.

ಈಗ ಎರಡನೇ ಪ್ರಶ್ನೆ. ಶಶಿ ಅಂದರೆ ಶಶಿಧರನೂ ಆಗಬಹುದು, ಶಶಿಕಲಾನೂ ಆಗಬಹುದು. ಇಂಗ್ಲಿಷಿನಲ್ಲಿ ‘ಮಿಸ್ಟರ್’, ‘ಮಿಸ್’, ‘ಸರ್’, ‘ಮೇಡಂ’ ಯಾವುದನ್ನು ಮುಟ್ಟಿದರೂ ಗಂಡು ಹೆಣ್ಣು ತೀರ್ಮಾನ ಮಾಡಲೇಬೇಕು. ಊಹೆ ಮಾಡಿ ಬರೆಯಬೇಡಿ. ‘ಡಿಯರ್ ಶಶಿ’ ಸಾಕು. ಅದು ತೀರಾ ಬೋಳು ಅನ್ನಿಸಿದರೆ ‘ಡಿಯರ್ ಕೆ. ಎಸ್. ಶಶಿ’. ‘ಡಿಯರ್ ಸರ್ ಓಬ್ಲಿಕ್ ಮೇಡಂ’ ತಪ್ಪಲ್ಲ, ಆದರೆ ಹೆಸರು ಕಣ್ಣೆದುರಿಗೇ ಇದ್ದಾಗ ಅದನ್ನು ಬರೆದರೆ ಬಿಲ್ಲಿನ ತಳದ ಸಹಿಯನ್ನೂ ನೋಡಲಿಲ್ಲ ಈ ಮನುಷ್ಯ ಅಂತ ಆಗುತ್ತದೆ. ಹೆಸರೇ ಇಲ್ಲದೆ ಬರೀ `accounts@` ಅಂತ ಶುರುವಾಗುವ ವಿಳಾಸ ಮಾತ್ರ ಸಿಕ್ಕಿದರೆ ‘ಡಿಯರ್ ಟೀಮ್’ ಅಥವಾ ‘ಹಲೋ’ ಒಳ್ಳೆಯದು, ಯಾಕೆಂದರೆ ಅದನ್ನು ಓದುವವರು ಒಬ್ಬರೋ ಮೂವರೋ ಗೊತ್ತಿಲ್ಲ. ‘ಟು ಹೂಮ್‌ಸೋ ಎವರ್ ಇಟ್ ಮೇ ಕನ್ಸರ್ನ್’ ಮಾತ್ರ ಬೇಡ. ಅದು ನಡತೆ ಪ್ರಮಾಣಪತ್ರದ ತಲೆಬರಹ. ಯಾರು ಯಾವಾಗ ಓದುತ್ತಾರೋ ತಿಳಿಯದ ಕಾಗದಕ್ಕೆ ಹಾಕುವುದು. ಬಿಲ್ಲು ತಿದ್ದಿ ಅಂತ ಕೇಳುವ ಮೇಲ್‌ಗಲ್ಲ.

ಇದೇ ಮೇಲ್ ಕನ್ನಡದಲ್ಲಿ ಬರೆಯುವುದಾದರೆ ಈ ಗೊಂದಲವೇ ಇಲ್ಲ ಅನ್ನುವುದು ನನಗೆ ತಡವಾಗಿ ಹೊಳೆಯಿತು. ‘ಅವರು’ ಅನ್ನುವ ಪದಕ್ಕೆ ಗಂಡು ಹೆಣ್ಣಿನ ಭೇದ ಇಲ್ಲ. ‘ಶಶಿ ಅವರಿಗೆ ನಮಸ್ಕಾರ’ ಅಂದರೆ ಮುಗಿಯಿತು. ‘ಶ್ರೀ’, ‘ಶ್ರೀಮತಿ’, ‘ಕುಮಾರಿ’ ಹಾಕಲು ಹೋದರೆ ಮಾತ್ರ ಗಂಡು ಹೆಣ್ಣಿನ ಜತೆಗೆ ಮದುವೆಯ ವಿಚಾರವನ್ನೂ ಕೆದಕಿದ ಹಾಗಾಗುತ್ತದೆ. ಬಿಲ್ಲಿನ ವಿಷಯಕ್ಕೆ ಅದೆಲ್ಲ ಯಾಕೆ? ಹೆಸರು ತಿಳಿಯದಿದ್ದರೆ ‘ಮಾನ್ಯರೇ’ ಇದೆ. ಸರ್ಕಾರಿ ಪತ್ರಗಳಲ್ಲಿ ‘ಇವರಿಗೆ’, ‘ವಿಷಯ’ ಆದಮೇಲೆ ಬರುವ ಆ ಒಂದು ಪದ. ಅದಕ್ಕೂ ಲಿಂಗ ಇಲ್ಲ, ಹೆಸರು ಬೇಕಿಲ್ಲ, ಒಬ್ಬರಿದ್ದರೂ ಹತ್ತು ಜನ ಇದ್ದರೂ ನಡೆಯುತ್ತದೆ. ಸ್ವಲ್ಪ ಕಚೇರಿಯ ಧೂಳಿನ ವಾಸನೆ ಇದೆ, ಅಷ್ಟೇ.

‘ಪ್ರಿಯ’ ಅನ್ನುವ ಪದದ ಬಗ್ಗೆ ಒಂದು ಮಾತು. ‘ಡಿಯರ್’ ಬದಲು ಅದನ್ನು ಹಾಕುವವರು ಇದ್ದಾರೆ. ‘ಪ್ರಿಯ ಗ್ರಾಹಕರೇ’ ಅಂತ ಬ್ಯಾಂಕು ಬರೆದರೆ ಸರಿ, ಅದು ಲಕ್ಷಾಂತರ ಜನಕ್ಕೆ ಹೇಳಿದ್ದು. ‘ಪ್ರಿಯ ಓದುಗರೇ’ ಕೂಡ ಹಾಗೇ. ಆದರೆ ಮುಖ ನೋಡದ ಒಬ್ಬ ಹೆಣ್ಣುಮಗಳಿಗೆ ‘ಪ್ರಿಯ ಶಶಿ’ ಅಂತ ಬಿಲ್ಲಿನ ವಿಷಯ ಬರೆದು ನೋಡಿ. ಇಂಗ್ಲಿಷಿನ ‘ಡಿಯರ್’ ಸವೆದು ಅರ್ಥ ಕಳೆದುಕೊಂಡಿದೆ. ನಮ್ಮ ‘ಪ್ರಿಯ’ ಇನ್ನೂ ಸವೆದಿಲ್ಲ.

ಇಲ್ಲೇ ಒಂದು ಸಣ್ಣ ವಿಷಯ. ‘ಅವರಿಗೆ’ ಮತ್ತು ‘ಅವರೇ’ ಎರಡರಲ್ಲಿ ಯಾವುದು? ‘ಅವರಿಗೆ’ ಹಾಕಿದರೆ ಜತೆಗೆ ‘ನಮಸ್ಕಾರ’ ಬೇಕು. ಇಲ್ಲದಿದ್ದರೆ ವಾಕ್ಯ ಬಾಗಿಲಲ್ಲೇ ನಿಂತುಬಿಡುತ್ತದೆ. ‘ಅವರೇ’ ಅನ್ನುವುದು ನೇರ ಕರೆ, ಮುಖ ನೋಡಿ ಕರೆದ ಹಾಗೆ. ಒಮ್ಮೆಯಾದರೂ ಮಾತು ನಡೆದವರಿಗೆ ಅದು ಚೆನ್ನ. ದೀರ್ಘ ಮಾತ್ರ ಬಿಡಬೇಡಿ. ಹಳೇ ಬರವಣಿಗೆಯಲ್ಲಿ ‘ಅವರೆ’ ಅಂತ ಹ್ರಸ್ವವೂ ನಡೆಯುತ್ತಿತ್ತು, ಆದರೆ ಡಿಸೆಂಬರ್‌ನಲ್ಲಿ ‘ಶಶಿ ಅವರೆ’ ಅಂತ ಓದಿದರೆ ನನಗೆ ಅವರೆಕಾಯಿ ಸೊಗಡೇ ಮೂಗಿಗೆ ಬರುತ್ತದೆ.

ಎರಡನೇ ಮೇಲ್, ಮ್ಯಾನೇಜರಿಗೆ. ಇಲ್ಲಿ ಹೆಸರು ಗೊತ್ತು, ಮುಖ ಗೊತ್ತು, ಕೋಪ ಬಂದರೆ ಹೇಗಿರುತ್ತಾರೆ ಅಂತಲೂ ಗೊತ್ತು. ಆದರೂ ಕೈ ‘ರೆಸ್ಪೆಕ್ಟೆಡ್ ಸರ್’ ಕಡೆಗೇ ಹೋಗುತ್ತದೆ. ಅದು ಎಲ್ಲಿಂದ ಬಂತು ಅಂತ ನಮಗೆಲ್ಲ ಗೊತ್ತಿದೆ. ಶಾಲೆಯಲ್ಲಿ ಬಾಯಿಪಾಠ ಮಾಡಿದ ರಜಾ ಅರ್ಜಿ. ಜ್ವರ ಬಂದಿದ್ದರಿಂದ ಎರಡು ದಿನ ರಜೆ ಕೊಡಿ ಅನ್ನುವ ಆ ಮೂರು ಸಾಲು. ಸರ್ಕಾರಿ ಕಚೇರಿಯಲ್ಲಿ, ಕಾಲೇಜಿನಲ್ಲಿ ಅದು ಇವತ್ತಿಗೂ ಸಹಜ. ಅಲ್ಲಿ ಬಿಟ್ಟರೆ ಎದ್ದು ಕಾಣುತ್ತದೆ, ಹಾಗಾಗಿ ಅಲ್ಲಿ ಹಾಕಿ. ಬೇರೆ ಕಡೆ ಅದು ರಜಾ ಅರ್ಜಿಯನ್ನೇ ನೆನಪಿಸುತ್ತದೆ.

‘ಡಿಯರ್ ಸರ್’ ಇನ್ನೊಂದು ಬಗೆ. ಬ್ರಿಟನ್ನಿನ ಪತ್ರ ಪದ್ಧತಿಯಲ್ಲಿ ಅದಕ್ಕೆ ಒಂದು ಜೋಡಿ ಇದೆ. ‘ಡಿಯರ್ ಸರ್’ ಅಂತ ಶುರುಮಾಡಿದರೆ ‘ಯುವರ್ಸ್ ಫೇತ್‌ಫುಲಿ’ ಅಂತ ಮುಗಿಸುವುದು. ಹೆಸರು ಹಾಕಿ ಶುರುಮಾಡಿದರೆ ‘ಯುವರ್ಸ್ ಸಿನ್ಸಿಯರ್ಲಿ’. ಮೊದಲನೇ ಜೋಡಿ ಹೆಸರು ಗೊತ್ತಿಲ್ಲದವರಿಗೆ ಅಂತಲೇ ಇರುವುದು. ಅಂದರೆ ಹೆಸರು ಗೊತ್ತಿದ್ದೂ ‘ಡಿಯರ್ ಸರ್’ ಅಂತ ಹೊರದೇಶದ ಮೇಲಧಿಕಾರಿಗೆ ಬರೆದರೆ, ನೀವು ಮರ್ಯಾದೆ ಕೊಟ್ಟಿರಿ ಅಂತ ಅವರಿಗೆ ಕೇಳಿಸುವುದಿಲ್ಲ. ನಿಮ್ಮ ಹೆಸರು ನನಗೆ ಗೊತ್ತಿಲ್ಲ ಅಂದ ಹಾಗೆ ಕೇಳಿಸುತ್ತದೆ. ನಮ್ಮ ‘ಸರ್’ ಬೇರೆ. ಬೆಂಗಳೂರಿನಲ್ಲಿ ಆಟೋದವರು ನಮಗೆ ಸರ್ ಅನ್ನುತ್ತಾರೆ, ನಾವು ಅವರಿಗೆ ಸರ್ ಅನ್ನುತ್ತೇವೆ. ಅದರಲ್ಲಿ ಮೇಲು ಕೀಳು ಉಳಿದಿಲ್ಲ, ‘ರೀ’ ಅನ್ನುವುದರ ಇನ್ನೊಂದು ರೂಪ ಅಷ್ಟೇ.

ಹಾಗಾದರೆ ಮೇಲಿನವರಿಗೆ ಏನು? ನಾನು ನೋಡುವುದು ಎರಡೇ. ಒಂದು, ಆ ಕಚೇರಿಯಲ್ಲಿ ನನ್ನ ಸಮಾನರು ಅವರಿಗೆ ಏನಂತ ಬರೆಯುತ್ತಾರೆ. ಹಳೆಯ ಮೇಲ್ ಸರಣಿ ತೆಗೆದರೆ ಕಾಣುತ್ತದೆ. ಎರಡು, ಅವರು ತಮ್ಮ ಮೇಲ್ ಕೆಳಗೆ ಕೈಯಾರೆ ಏನು ಟೈಪ್ ಮಾಡುತ್ತಾರೆ. ತಾನಾಗಿ ಬಂದು ಕೂರುವ ಹುದ್ದೆ, ಫೋನ್ ನಂಬರಿನ ದೊಡ್ಡ ಸಹಿ ಅಲ್ಲ, ಅದರ ಮೇಲೆ ಅವರೇ ಬರೆದ ಒಂದು ಪದ. ಅವರು ಅಲ್ಲಿ ‘ಪ್ರಸಾದ್’ ಅಂತ ಬರೆದರೆ ‘ಹಾಯ್ ಪ್ರಸಾದ್’ ಅನ್ನಲು ಅಪ್ಪಣೆ ಸಿಕ್ಕ ಹಾಗೆ. ಬರೀ ‘ಪಿ’ ಅಂತ ಒಂದಕ್ಷರ ಹಾಕಿದರೆ ಅದು ಅವಸರ, ಅಪ್ಪಣೆ ಅಲ್ಲ. ನೀವು ‘ಹಾಯ್ ಪಿ’ ಅಂತ ಬರೆಯಬೇಡಿ.

ನಮ್ಮ ಮ್ಯಾನೇಜರ್ ವಿಷಯದಲ್ಲಿ ನನಗೆ ಬಹಳ ದಿನ ಒಂದು ಪೇಚಾಟ ಇತ್ತು. ಮುಖಾಮುಖಿ ಸಿಕ್ಕಾಗ ಬಾಯಲ್ಲಿ ‘ಸರ್’ ಬರುತ್ತದೆ. ಮೇಲ್‌ನಲ್ಲಿ ಎಲ್ಲರೂ ಅವರಿಗೆ ಬರೀ ಹೆಸರು ಬರೆಯುತ್ತಾರೆ. ಮೊದಮೊದಲು ನಾನು ‘ಹಾಯ್ ಪ್ರಸಾದ್ ಸರ್’ ಅಂತ ಎರಡನ್ನೂ ಸೇರಿಸಿದೆ. ನಮ್ಮ ಊರಿನ ಮಟ್ಟಿಗೆ ಅದು ಏನೂ ತಪ್ಪಲ್ಲ, ಅರ್ಧ ಬೆಂಗಳೂರು ಹಾಗೇ ಬರೆಯುತ್ತದೆ. ಆದರೆ ಅದೇ ಸರಣಿಯಲ್ಲಿ ಹೊರಗಿನ ಗಿರಾಕಿ ಸೇರಿಕೊಂಡಾಗ, ಹತ್ತು ಜನರಲ್ಲಿ ನಾನೊಬ್ಬನೇ ಸರ್ ಅನ್ನುತ್ತಿದ್ದದ್ದು ನನ್ನನ್ನೇ ಚಿಕ್ಕವನನ್ನಾಗಿ ಮಾಡಿತು. ಆಮೇಲೆ ಬಾಯಿಗೆ ಒಂದು, ಬೆರಳಿಗೆ ಒಂದು ಅಂತ ಇಟ್ಟುಕೊಂಡೆ. ಅವರೂ ಏನೂ ಅಂದುಕೊಂಡಿಲ್ಲ.

ಕನ್ನಡದಲ್ಲಿ ಮೇಲಿನವರಿಗೆ ಬರೆಯುವಾಗ ‘ಸರ್, ನಮಸ್ಕಾರ’ ಅಥವಾ ‘ಮೇಡಂ, ನಮಸ್ಕಾರ’ ಅನ್ನುವುದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆದರೆ ಕನ್ನಡದಲ್ಲಿ ಎಡವುವುದು ಮೊದಲ ಸಾಲಿನಲ್ಲಿ ಅಲ್ಲ, ಎರಡನೇ ಸಾಲಿನಲ್ಲಿ. ‘ಮಾನ್ಯರೇ’ ಅಂತ ಶುರುಮಾಡಿ ಕೂಡಲೇ ‘ಇವತ್ತೇ ಅಪ್ರೂವ್ ಮಾಡಿ’ ಅಂದರೆ ರೇಷ್ಮೆ ಪಂಚೆಯ ಮೇಲೆ ಟೀ ಶರ್ಟು ಹಾಕಿದ ಹಾಗೆ. ‘ಮಾನ್ಯರೇ’ ಅಂದಮೇಲೆ ‘ತಾವು’, ‘ಕೋರುತ್ತೇನೆ’ ಬರಬೇಕು. ‘ನಮಸ್ಕಾರ’ ಅಂದಿದ್ದರೆ ‘ನೀವು’, ‘ಒಪ್ಪಿಗೆ ಕೊಟ್ಟರೆ ಅನುಕೂಲ’ ಅಂದರೆ ಸಾಕು. ಮೊದಲ ಸಾಲಿನಲ್ಲಿ ಹತ್ತಿದ ಮೆಟ್ಟಿಲಿನಿಂದ ಮೇಲ್ ಮುಗಿಯುವವರೆಗೂ ಇಳಿಯಬಾರದು. ಅಷ್ಟು ಎತ್ತರದಲ್ಲಿ ನಿಲ್ಲಲು ಆಗುವುದಿಲ್ಲ ಅನ್ನಿಸಿದರೆ ಮೊದಲೇ ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಿ.

ಧಾರವಾಡ, ಹುಬ್ಬಳ್ಳಿ ಕಡೆಯವರಿಗೆ ಒಂದು ಅನುಕೂಲ ಇದೆ, ನನಗೆ ಅದನ್ನು ಕಂಡರೆ ಹೊಟ್ಟೆಕಿಚ್ಚು. ಮನೆತನದ ಹೆಸರಿಗೆ ‘ರೇ’ ಸೇರಿಸಿದರೆ ಸಾಕು. ಪಾಟೀಲರೇ, ಹಿರೇಮಠರೇ, ಕುಲಕರ್ಣಿಯವರೇ. ಅದರಲ್ಲಿ ಮರ್ಯಾದೆಯೂ ಇದೆ, ಹತ್ತಿರದ ದನಿಯೂ ಇದೆ. ದಕ್ಷಿಣದವರು ಇದನ್ನು ನೋಡಿ ‘ಗೌಡ್ರೇ’, ‘ಶೆಟ್ರೇ’ ಅಂತ ಗುರುತಿಲ್ಲದವರಿಗೆ ಮೇಲ್ ಹಾಕಬಾರದು. ಮಾತಿನಲ್ಲಿ ಅದು ಸಲುಗೆ. ಬರಹದಲ್ಲಿ, ಅದೂ ಗುರುತಿಲ್ಲದವರಿಗೆ, ಜಾತಿ ಹಿಡಿದು ಕರೆದ ಹಾಗಾಗುತ್ತದೆ. ಅವರೇ ತಮ್ಮ ಹೆಸರಿನ ಭಾಗವಾಗಿ ಅದನ್ನು ಬರೆದಿದ್ದರೆ ಮಾತು ಬೇರೆ.

ಮೂರನೆಯದು ಪಕ್ಕದ ಸೀಟಿನ ಗೆಳೆಯನಿಗೆ. ಇದು ಸುಲಭ ಅಂದುಕೊಂಡಿದ್ದೆ. ನನಗೆ ಪೆಟ್ಟು ಬಿದ್ದದ್ದು ಇದರಲ್ಲೇ.

ಹಿಂದೆ ಇನ್ನೊಂದು ಕಡೆ ಕೆಲಸ ಮಾಡುವಾಗ ಜತೆಯವನೊಬ್ಬನಿಗೆ ‘ಗುರೂ, ಈ ಲೆಕ್ಕ ಯಾರು ಮಾಡಿದ್ದೋ, ತಲೆ ಬುಡ ಇಲ್ಲ’ ಅಂತ ಬರೆದಿದ್ದೆ. ಅವನು ಒಳ್ಳೆಯ ಮನಸ್ಸಿನಿಂದಲೇ ಅದಕ್ಕೆ ಉತ್ತರ ಸೇರಿಸಿ ಇಡೀ ಸರಣಿಯನ್ನು ಮೇಲಿನವರಿಗೆ ಕಳಿಸಿದ. ಲೆಕ್ಕ ಮಾಡಿದ್ದು ಆ ಮೇಲಿನವರೇ. ‘ತಲೆ ಬುಡ ಇಲ್ಲ’ ಅನ್ನುವುದನ್ನು ಅವರು ಹೇಗೋ ನುಂಗಿಕೊಂಡರು. ಆದರೆ ‘ಗುರೂ’ ಅನ್ನುವ ಪದ ಆಮೇಲೆ ಆರು ತಿಂಗಳು ನನ್ನ ಹಿಂದೆ ಬಿತ್ತು. ಮೀಟಿಂಗಿನಲ್ಲಿ ನನ್ನನ್ನು ಹಾಗೇ ಕರೆಯುತ್ತಿದ್ದರು.

ಅವತ್ತಿನಿಂದ ಹತ್ತಿರದವರಿಗೆ ಬರೆಯುವಾಗಲೂ ಮೊದಲ ಸಾಲಿನಲ್ಲಿ ಹೆಸರು ಹಾಕುತ್ತೇನೆ. ‘ಮಗಾ’, ‘ಮಾರಾಯ’, ‘ಏನಪ್ಪಾ’ ಎಲ್ಲ ಚಾಟಿಗೆ. ಚಾಟು ಅಲ್ಲೇ ಮುಳುಗುತ್ತದೆ, ಮೇಲ್ ಪ್ರಯಾಣ ಮಾಡುತ್ತದೆ. ಸಲುಗೆ ತೋರಿಸಬೇಕಾದರೆ ಕರೆಯನ್ನೇ ಬಿಟ್ಟುಬಿಡಬಹುದು. ದಿನಕ್ಕೆ ಹತ್ತು ಮೇಲ್ ಓಡಾಡುವವರ ನಡುವೆ ‘ಆ ಆರ್ಡರ್ ಪ್ರತಿ ಸಿಕ್ಕಿತಾ?’ ಅಂತ ನೇರ ಶುರುವಾದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ದಿನದ ಮೊದಲ ಮೇಲ್‌ಗೆ ಹೆಸರು, ಆಮೇಲಿನವಕ್ಕೆ ಏನೂ ಬೇಡ.

ಹತ್ತಿರದವರ ವಿಷಯದಲ್ಲಿ ಮರ್ಯಾದೆ ಜಾಸ್ತಿಯಾದರೂ ಕಷ್ಟವೇ. ದಿನಾ ‘ಸುಧಾ’ ಅಂತ ಬರೆಯುವವರು ಒಂದು ದಿನ ‘ಸುಧಾ ಅವರೇ’ ಅಂತ ಬರೆದರೆ ಓದಿದವರ ಎದೆ ಧಸಕ್ಕೆನ್ನುತ್ತದೆ. ಏನೋ ಮುನಿಸು ಅಂತ ಅರ್ಥ. ಅಮ್ಮ ಬಯ್ಯುವಾಗ ಪೂರ್ತಿ ಹೆಸರು ಹಿಡಿದು ಕೂಗುತ್ತಾರಲ್ಲ, ಹಾಗೆ. ಹೊರಗಿನವರು ಸಿಸಿಯಲ್ಲಿ ಇದ್ದಾರೆ ಅಂತ ಸುಮ್ನೆ ಮರ್ಯಾದೆ ಏರಿಸುವುದಾದರೆ, ಪಕ್ಕಕ್ಕೆ ತಿರುಗಿ ಒಂದು ಮಾತು ಹೇಳಿಬಿಡಿ. ವಯಸ್ಸಿನಲ್ಲಿ ದೊಡ್ಡವರಾದ ಜತೆಯವರಿಗೆ ಕನ್ನಡ ಮೇಲ್‌ನಲ್ಲಿ ‘ಸುಧಕ್ಕ’ ಅಂತ ಬರೆಯುವುದು ನನಗೆ ಇಷ್ಟ. ಸಲುಗೆಯೂ ಆಯಿತು, ಹಿರಿತನಕ್ಕೆ ಬೆಲೆಯೂ ಬಂತು. ಆದರೆ ಸಿಸಿಯಲ್ಲಿ ಕನ್ನಡ ಬಾರದವರು ಇದ್ದರೆ ಅವರು ‘ಸುಧಕ್ಕ’ ಅನ್ನುವುದೇ ಹೆಸರು ಅಂದುಕೊಂಡು ಮುಂದಿನ ಮೇಲ್ ‘ಡಿಯರ್ ಮಿಸ್ ಸುಧಕ್ಕ’ ಅಂತ ಬರೆಯುತ್ತಾರೆ. ಹೀಗೆ ಆದದ್ದು ನೋಡಿದ್ದೇನೆ.

ಮೂರಕ್ಕೂ ಸೇರುವ ಒಂದು ಕೆಲಸ ಇದೆ, ಕಾಗುಣಿತ. ಹೆಸರನ್ನು ನೆನಪಿನಿಂದ ಟೈಪ್ ಮಾಡಬೇಡಿ, ಅವರ ಸಹಿಯಿಂದ ಕಾಪಿ ಮಾಡಿ. ನಮ್ಮ ಕಡೆ ‘ತ’ ಅನ್ನಲು ಇಂಗ್ಲಿಷಿನಲ್ಲಿ `th` ಬರೆಯುತ್ತೇವೆ, ಉತ್ತರದವರು ಬರೀ `t` ಬರೆಯುತ್ತಾರೆ. ನಮ್ಮ `Shwetha` ಅಲ್ಲಿ `Shweta`. ನಮ್ಮ `Latha` ಅಲ್ಲಿ `Lata`. ಒಂದಕ್ಷರದ ವಿಷಯ, ಆದರೆ ಹೆಸರಿನವರ ಕಣ್ಣಿಗೆ ಮೊದಲು ಬೀಳುವುದು ಅದೇ. ಕನ್ನಡದಲ್ಲೂ ಮಂಜುನಾಥ ಅಂತ ಬರೆಯುವವರು ಇದ್ದಾರೆ, ಮಂಜುನಾಥ್ ಅಂತ ಬರೆಯುವವರೂ ಇದ್ದಾರೆ. ಅವರು ಬರೆದ ಹಾಗೇ ಬರೆಯಿರಿ.

ಕೊನೆಗೆ ನನ್ನ ಮೂರು ಮೇಲ್ ಹೀಗೆ ಹೊರಟವು. ಪ್ರೆಸ್ಸಿನವರು ಕನ್ನಡದಲ್ಲೇ ಬರೆದಿದ್ದರಿಂದ ‘ಶಶಿ ಅವರಿಗೆ ನಮಸ್ಕಾರ. ನೀವು ಕಳಿಸಿದ ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರಿನ ಒಂದು ಅಕ್ಷರ ತಪ್ಪಾಗಿದೆ.’ ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ, ‘ಹಾಯ್ ಪ್ರಸಾದ್’ ಅಂತ ಶುರುಮಾಡಿ ಎರಡನೇ ಸಾಲಿಗೇ ನಾಲ್ಕು ದಿನದ ವಿಷಯ. ಗೆಳೆಯನಿಗೆ ಅವನ ಹೆಸರು, ಒಂದು ಕಾಮಾ, ‘ಹಳೇ ಆರ್ಡರ್ ಪ್ರತಿ ಬೇಕಿತ್ತು’. ಏಕವಚನ ಬಹುವಚನ ಎರಡನ್ನೂ ತಪ್ಪಿಸಲು ‘ಬೇಕಿತ್ತು’ ಬಹಳ ಉಪಕಾರಿ ಪದ, ನೆನಪಿಡಿ.

ಮಾರನೇ ದಿನ ಮ್ಯಾನೇಜರ್ ‘ಓಕೆ. ಪಿ’ ಅಂತ ಬರೆದರು. ಗೆಳೆಯ ಫೈಲು ಮಾತ್ರ ಕಳಿಸಿದ, ಅಕ್ಷರ ಒಂದೂ ಇಲ್ಲ. ಪ್ರೆಸ್ಸಿನಿಂದ ತಿದ್ದಿದ ಬಿಲ್ಲೂ ಬಂತು. ನನ್ನ ಹೆಸರೂ ಶಶಿಯ ಜಾತಿಯದೇ, ಗಂಡೋ ಹೆಣ್ಣೋ ಬರಹದಲ್ಲಿ ಗೊತ್ತಾಗುವುದಿಲ್ಲ. ಅವರ ಉತ್ತರದ ಮೊದಲ ಸಾಲು, ‘ರೆಸ್ಪೆಕ್ಟೆಡ್ ಮೇಡಂ’. ಮೀಸೆ ತೀಡಿಕೊಂಡು ಬಿಲ್ಲನ್ನು ಪಾವತಿಗೆ ಕಳಿಸಿದೆ.